ತತ್ವಪದಗಳ ದಾಖಲೆಗೆ ಅನುದಾನ: ಅರ್ಜಿ ಬರೆಯುವುದು ಹೇಗೆ?

ಕಲಬುರಗಿ ಸೀಮೆಯ ಒಂದು ಹಳ್ಳಿ ಎಂದುಕೊಳ್ಳಿ. ಅಮಾವಾಸ್ಯೆಯ ರಾತ್ರಿ ಹತ್ತು ಮಂದಿ ಏಕತಾರಿ, ತಾಳ, ದಮ್ಮಡಿ ಹಿಡಿದು ಮಠದ ಕಟ್ಟೆಯ ಮೇಲೆ ಕೂತರೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಬೆಳಗಿನ ತನಕ ಸಾಗುತ್ತವೆ. ಅವನ್ನು ದಾಖಲಿಸಿಡಲು ಒಂದೂವರೆ ಲಕ್ಷ ರೂಪಾಯಿ ಕೇಳಬೇಕಾಗಿದೆ.

ಹಂತ 1: ಬರಿಗೈಲಿ ಹೋಗಿ ಬನ್ನಿ

ಮೊದಲ ಸಲ ರೆಕಾರ್ಡರ್ ಬೇಡ. ಒಂದು ರಾತ್ರಿ ಸುಮ್ಮನೆ ಕೂತು ಕೇಳಿ. ಯಾರು ಹಾಡುತ್ತಾರೆ, ಯಾರು ಸೊಲ್ಲು ಹಿಡಿಯುತ್ತಾರೆ, ಎಷ್ಟು ಪದ ಬರುತ್ತವೆ ಎಂದು ಬರೆದುಕೊಳ್ಳಿ. ‘ಅಳಿವಿನಂಚಿನ ಕಲೆ’ ಎಂದು ಒಂದು ಪುಟ ತುಂಬಿಸುವುದಕ್ಕಿಂತ ‘ಹತ್ತು ಹಾಡುಗಾರರು, ನಾಲ್ಕು ರಾತ್ರಿ, ಇಪ್ಪತ್ತು ಗಂಟೆಯ ಧ್ವನಿ’ ಎಂಬ ಒಂದೇ ಸಾಲು ಮೇಲು. ಮುಂದಿನ ಲೆಕ್ಕವೆಲ್ಲ ನಿಲ್ಲುವುದು ಈ ಸಾಲಿನ ಮೇಲೆ.

ಹಂತ 2: ಬಜೆಟ್‌ಗಿಂತ ಮೊದಲು ನೈತಿಕತೆಯ ಭಾಗ

‘ಒಪ್ಪಿಗೆ ಪಡೆಯುತ್ತೇವೆ’ ಎಂದಷ್ಟೇ ಬರೆದರೆ ಸಾಲದು. ರೆಕಾರ್ಡ್ ಮಾಡಲು, ಸಂಗ್ರಹದಲ್ಲಿಡಲು, ಅಂತರ್ಜಾಲಕ್ಕೆ ಹಾಕಲು ಮೂರು ಬೇರೆ ಬೇರೆ ಒಪ್ಪಿಗೆ ಬೇಕು. ಓದು ಬಾರದವರಿಗೆ ಓದಿ ಹೇಳಿ, ಅವರ ಉತ್ತರವನ್ನೇ ಧ್ವನಿಯಲ್ಲಿ ಹಿಡಿದಿಡಿ. ‘ಈ ಪದ ದೀಕ್ಷೆ ಆದವರ ನಡುವೆ ಮಾತ್ರ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಯಂತ್ರ ಆರಿಸಬೇಕು. ಆರಿಸುತ್ತೇವೆಂದು ಅರ್ಜಿಯಲ್ಲೂ ಬರೆಯಬೇಕು. ಪದ ಎಷ್ಟೇ ಹಳೆಯದಾಗಿರಲಿ, ಹಾಡಿದವರಿಗೆ ಆ ಗಾಯನದ ಮೇಲೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಈಗ ಅದನ್ನು 50 ವರ್ಷ ಕಾಪಾಡುತ್ತದೆ.

ಹಂತ 3: ಹಣದ ಲೆಕ್ಕ

ಹೊಸಬರು ಎಡವುವುದು ಇಲ್ಲೇ. ದುಡ್ಡೆಲ್ಲ ಮೈಕಿಗೆ ಹೋಗಿ, ಹಾಡಿದವರಿಗೆ ಶಾಲು ಹಾರ ಉಳಿಯುತ್ತದೆ. ನಾನಾದರೆ ಹೀಗೆ ಹಂಚುತ್ತೇನೆ. ಹತ್ತು ಮಂದಿಗೆ ರಾತ್ರಿಗೆ ತಲಾ ಸಾವಿರದಂತೆ ನಾಲ್ಕು ರಾತ್ರಿಗೆ 40,000. ಕೇಳಿ ಬರೆದುಕೊಳ್ಳುವ ಕೆಲಸಕ್ಕೆ 35,000: ಒಂದು ಗಂಟೆಯ ಧ್ವನಿಗೆ ಏಳು ಗಂಟೆ ಹಿಡಿದರೆ 140 ಗಂಟೆ, ಗಂಟೆಗೆ 250. ಒಂದೇ ಪದವನ್ನು ಇಬ್ಬರು ಬೇರೆ ಬೇರೆಯಾಗಿ ಹಾಡುವುದರಿಂದ ಇದರಲ್ಲಿ ಕಡಿತ ಮಾಡಬೇಡಿ. ಪ್ರಯಾಣ ಊಟಕ್ಕೆ 30,000, ಉಪಕರಣದ ಬಾಡಿಗೆಗೆ 20,000, ಹಾರ್ಡ್‌ಡಿಸ್ಕ್ ಮತ್ತು ಮುದ್ರಣಕ್ಕೆ 15,000, ಅನಿರೀಕ್ಷಿತಕ್ಕೆ 10,000. ಪ್ರತಿ ಅಂಕಿಯ ಮುಂದೆ ಅದು ಹೇಗೆ ಬಂತೆಂದು ಒಂದು ಸಾಲಿರಲಿ.

ಹಂತ 4: ಎಲ್ಲಿ ಉಳಿಯುತ್ತದೆ?

48 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೊ WAV ಕಡತ ಗಂಟೆಗೆ ಸುಮಾರು ಒಂದು ಜಿಬಿ. ಇಪ್ಪತ್ತು ಗಂಟೆಯದು ಒಂದು ಪೆನ್‌ಡ್ರೈವ್‌ನಲ್ಲೇ ಹಿಡಿಸುತ್ತದೆ. ಆದರೂ ಮೂರು ಪ್ರತಿ ಇರಲಿ: ಒಂದು ನಿಮ್ಮಲ್ಲಿ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಒಂದು ಊರಲ್ಲಿ. ಊರಿನ ಪ್ರತಿ ಫೋನಿನಲ್ಲಿ ಕೇಳುವಂಥ MP3 ಆಗಿರಲಿ. ಇಟ್ಟುಕೊಳ್ಳಲು ಒಪ್ಪಿದ ಗ್ರಂಥಾಲಯದ ಪತ್ರವನ್ನು ಅರ್ಜಿಗೆ ಲಗತ್ತಿಸಬೇಕು. ಆ ಪತ್ರ ಕೈಗೆ ಬರಲು ತಿಂಗಳೇ ಹಿಡಿಯಬಹುದು, ಇವತ್ತೇ ಕೇಳಿಬಿಡಿ.