ಸಂಪೂರ್ಣ ನಷ್ಟ: ಶೇ. 75ರ ಗೆರೆ

ಬೆಳ್ತಂಗಡಿಯ ವ್ಯಾಪಾರಿಯೊಬ್ಬರ ಸರಕು ವಾಹನ ಚಾರ್ಮಾಡಿ ಘಾಟಿಯಲ್ಲಿ ಉರುಳಿತೆಂದು ಭಾವಿಸೋಣ. ಪಾಲಿಸಿ ಆರಂಭದಲ್ಲಿ ವಾಹನಕ್ಕೆ ಎರಡು ವರ್ಷ ತುಂಬಿತ್ತು. ತಯಾರಕರ ಪಟ್ಟಿ ಬೆಲೆ ರೂ. 10 ಲಕ್ಷ, ಎರಡರಿಂದ ಮೂರು ವರ್ಷದ ವಾಹನಕ್ಕೆ ಸವಕಳಿ ಶೇ. 30. ಹೀಗಾಗಿ ಘೋಷಿತ ವಿಮಾ ಮೌಲ್ಯ, ಅಂದರೆ ಐ.ಡಿ.ವಿ., ರೂ. 7 ಲಕ್ಷ.

ದುರಸ್ತಿ ವೆಚ್ಚವು ಇದರ ಶೇ. 75ನ್ನು, ಅಂದರೆ ರೂ. 5.25 ಲಕ್ಷವನ್ನು, ಮೀರಿದರೆ ಅದು ಸಂಪೂರ್ಣ ನಷ್ಟ. ಇಲ್ಲಿ ಲೆಕ್ಕಕ್ಕೆ ಬರುವುದು ಗ್ಯಾರೇಜಿನ ಎಸ್ಟಿಮೇಟ್ ಅಲ್ಲ, ಪಾಲಿಸಿಯ ಷರತ್ತುಗಳಂತೆ ಸರ್ವೇಯರ್ ನಿರ್ಧರಿಸಿದ ಮೊತ್ತ. ಬಂಟ್ವಾಳದ ಗ್ಯಾರೇಜು ರೂ. 5.60 ಲಕ್ಷ ಹೇಳಿದರೂ, ಬಿಡಿಭಾಗಗಳ ಸವಕಳಿ ಕಳೆದು ಸರ್ವೇಯರ್ ರೂ. 5 ಲಕ್ಷ ಬರೆದರೆ ದುರಸ್ತಿಯೇ ಗತಿ. ಆದರೆ ಬಿಚ್ಚಿ ನೋಡಿದಾಗ ಚಾಸಿಸ್ ಬಾಗಿರುವುದು ಕಂಡು ಮೊತ್ತ ರೂ. 5.40 ಲಕ್ಷಕ್ಕೇರಿದರೆ ಗೆರೆ ದಾಟಿತು. ಆದುದರಿಂದ ಬಿಚ್ಚಿದ ಬಳಿಕ ಮರುತಪಾಸಣೆಗೆ ಲಿಖಿತವಾಗಿ ಕೋರುವುದು ಅವಶ್ಯ.

ಅಪಘಾತ ಹನ್ನೊಂದನೆಯ ತಿಂಗಳಲ್ಲಾಗಿದ್ದರೂ ರೂ. 7 ಲಕ್ಷಕ್ಕೆ ಮತ್ತೆ ಸವಕಳಿ ಹಾಕುವಂತಿಲ್ಲ. ಪಾಲಿಸಿ ಅವಧಿಯುದ್ದಕ್ಕೂ ಅದೇ ಮಾರುಕಟ್ಟೆ ಮೌಲ್ಯ. ಕಡ್ಡಾಯ ಕಡಿತ ಮಾತ್ರ ಹೋಗುತ್ತದೆ. ಮಾಲೀಕರು ಗುಜರಿಯನ್ನು ಒಪ್ಪಿ ತಾವೇ ಇಟ್ಟುಕೊಂಡರೆ ಅದರ ಬೆಲೆ, ರೂ. 1.50 ಲಕ್ಷವೆನ್ನಿ, ಕಳೆದು ಉಳಿದದ್ದು ಸಿಗುತ್ತದೆ. ಸಾಲವಿದ್ದಲ್ಲಿ ಮೊದಲ ಹಕ್ಕು ಬ್ಯಾಂಕಿನದು. ಪ್ರೀಮಿಯಂ ಉಳಿಸಲು ಐ.ಡಿ.ವಿ. ತಗ್ಗಿಸಿದವರಿಗೆ ಅದರ ಬೆಲೆ ತಿಳಿಯುವುದು ಈ ಹಂತದಲ್ಲೇ.

ವಾಹನ ಶಾಶ್ವತವಾಗಿ ನಿರುಪಯುಕ್ತವಾದರೆ, 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನಂತೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಆರ್.ಸಿ. ಒಪ್ಪಿಸತಕ್ಕದ್ದು.