ಎರಡು ಗಂಧಕಗಳು, ಒಂದು ಸರಾಸರಿ



ಹಮ್ರಿಯಾದ ನಮ್ಮ ಮನೆಗೆ ಶುಕ್ರವಾರ ಬೆಳಗ್ಗೆ ಹನ್ನೊಂದನೇ ತರಗತಿಯ ಮೂರ್ನಾಲ್ಕು ಮಕ್ಕಳು ರಸಾಯನಶಾಸ್ತ್ರ ಕೇಳಲು ಬರುತ್ತಾರೆ. ಹಾಲ್‌ನಲ್ಲಿ ಒಂದು ಅಕ್ವೇರಿಯಂ ಇದೆ. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ಆಗದು, ಆದ್ದರಿಂದ ನೀರು ಬದಲಿಸುವಾಗ ಒಂದು ದ್ರಾವಣದ ಕೆಲವು ಹನಿ ಹಾಕುತ್ತೇನೆ. ಪಕ್ಕದ ಕಟ್ಟಡದ ಹುಡುಗಿ ಆ ಬಾಟಲಿಯ ಚೀಟಿ ಓದಿ, "ಅಂಕಲ್, ಇದು ಸೋಡಿಯಂ ಥಯೋಸಲ್ಫೇಟ್. ಇದರಲ್ಲಿ ಗಂಧಕದ ಉತ್ಕರ್ಷಣ ಸಂಖ್ಯೆ ಎಷ್ಟು?" ಎಂದಳು. ನಾನು ಯೋಚಿಸದೆ "ಪ್ರತಿಯೊಂದಕ್ಕೂ +2" ಎಂದುಬಿಟ್ಟೆ.

ಮುಂದಿನ ವಾರ ಅವಳು ಎನ್‌ಸಿಇಆರ್‌ಟಿ ಪುಸ್ತಕ ತೆರೆದು ತೋರಿಸಿದಳು. ಅಲ್ಲಿ ಟೆಟ್ರಾಥಯೋನೇಟಿನ ನಾಲ್ಕು ಗಂಧಕಗಳಿಗೆ +5, 0, 0, +5 ಎಂದು ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದರು. "ಇಲ್ಲಿ ಬೇರೆ ಬೇರೆ ಆದರೆ ಥಯೋಸಲ್ಫೇಟಿನಲ್ಲಿ ಮಾತ್ರ ಎರಡೂ ಒಂದೇ ಹೇಗೆ?" ಅವಳ ಪ್ರಶ್ನೆ ನ್ಯಾಯವಾದದ್ದೇ. ತಪ್ಪು ನನ್ನದು. ಅದನ್ನು ತಿದ್ದಲು ಅಂದು ನಾವು ಮಾಡಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಗಳಿಗೆ ಉಪಯೋಗವಾಗಬಹುದು.

ನಿಯಮ ಒಂದೇ

"ಆಮ್ಲಜನಕ ಎಂದರೆ -2, ಪೆರಾಕ್ಸೈಡಿನಲ್ಲಿ ಮಾತ್ರ -1" ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇದರ ಹಿಂದಿರುವುದು ಒಂದೇ ನಿಯಮ. ಬಂಧದಲ್ಲಿರುವ ಜೋಡಿ ಎಲೆಕ್ಟ್ರಾನುಗಳನ್ನು ಅವನ್ನು ಹೆಚ್ಚು ಸೆಳೆಯುವ ಪರಮಾಣುವಿನ ಲೆಕ್ಕಕ್ಕೆ ಬರೆಯಬೇಕು. ಎರಡೂ ಒಂದೇ ಧಾತುವಾದರೆ ಆಳಿಗೊಂದರಂತೆ ಸಮನಾಗಿ ಹಂಚಬೇಕು.

ಹೈಡ್ರೋಜನ್ ಪೆರಾಕ್ಸೈಡ್ H-O-O-H ಎಂದು ಜೋಡಣೆಯಾಗಿದೆ. ಪ್ರತಿ ಆಮ್ಲಜನಕಕ್ಕೂ ಹೈಡ್ರೋಜನ್ ಕಡೆಯಿಂದ ಒಂದು ಎಲೆಕ್ಟ್ರಾನ್ ಲಾಭ. ಪಕ್ಕದ ಆಮ್ಲಜನಕದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾಗಿ -1. ಪೊಟ್ಯಾಸಿಯಂ ಸೂಪರಾಕ್ಸೈಡ್ KO2 ದಲ್ಲಿ ಪೊಟ್ಯಾಸಿಯಂ +1 ಬಿಟ್ಟು ಬೇರೆ ಆಗಲಾರದು. ಉಳಿದ -1 ಅನ್ನು ಎರಡು ಆಮ್ಲಜನಕಗಳು ಹಂಚಿಕೊಂಡರೆ ತಲಾ -½. ಅರ್ಧ ಎಲೆಕ್ಟ್ರಾನ್ ಎಲ್ಲೂ ಇಲ್ಲ, ನಿಜ. ಆದರೆ ಆ ಎರಡು ಆಮ್ಲಜನಕಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲದ ಕಾರಣ ಸಮಪಾಲು ಸರಿಯಾದ ಪಾಲೇ.

ಸೂತ್ರ ನೋಡಿ ಮೋಸ ಹೋಗುವುದು BaO2 ಮತ್ತು PbO2 ಗಳಲ್ಲಿ. ಎರಡೂ ಒಂದೇ ರೀತಿ ಕಾಣುತ್ತವೆ. ಇಲ್ಲಿ ಮೊದಲು ಲೋಹವನ್ನು ಕೇಳಬೇಕು. ಬೇರಿಯಂ +2 ದಾಟುವುದಿಲ್ಲ, ಆದ್ದರಿಂದ ಆಮ್ಲಜನಕ -1, ಇದು ಪೆರಾಕ್ಸೈಡ್. ಸೀಸ +4 ಆಗಬಲ್ಲದು, ಅಲ್ಲಿ ಆಮ್ಲಜನಕ ಎಂದಿನಂತೆ -2. ಪ್ರಯೋಗಾಲಯವೂ ಇದನ್ನೇ ಹೇಳುತ್ತದೆ. ಸಾರರಿಕ್ತ ಗಂಧಕಾಮ್ಲ ಹಾಕಿದರೆ BaO2 ದಿಂದ ಹೈಡ್ರೋಜನ್ ಪೆರಾಕ್ಸೈಡ್ ಬರುತ್ತದೆ, PbO2 ದಿಂದ ಬರುವುದಿಲ್ಲ.

ಥಯೋಸಲ್ಫೇಟಿನ ಒಳಗೆ

S2O3²⁻ ನಲ್ಲಿ ಮೂರು ಆಮ್ಲಜನಕ -6, ಒಟ್ಟು ಆವೇಶ -2. ಆದ್ದರಿಂದ ಎರಡು ಗಂಧಕ ಸೇರಿ +4, ಸರಾಸರಿ +2. ಲೆಕ್ಕ ಸರಿ. ಆದರೆ ಒಂದು ಗಂಧಕ ನಡುವೆ ಕುಳಿತಿದೆ, ಅದಕ್ಕೆ ಮೂರು ಆಮ್ಲಜನಕ ಮತ್ತು ಇನ್ನೊಂದು ಗಂಧಕ ಅಂಟಿಕೊಂಡಿವೆ. ಸೂಪರಾಕ್ಸೈಡಿನ ಹಾಗೆ ಇವೆರಡು ಅವಳಿಗಳಲ್ಲ. ಎರಡರ ನಡುವಿನ ಒಂಟಿ ಬಂಧವನ್ನು ಸಮನಾಗಿ ಹಂಚಿದರೆ ಹೊರಗಿನದಕ್ಕೆ -1, ನಡುವಿನದಕ್ಕೆ +5. ಕೆಲವು ಗೈಡುಗಳಲ್ಲಿ -2 ಮತ್ತು +6 ಎಂದಿರುತ್ತದೆ. ಹೊರಗಿನ ಗಂಧಕ ಸಲ್ಫೇಟಿನ ಒಂದು ಆಮ್ಲಜನಕದ ಜಾಗದಲ್ಲಿದೆ ಎಂದು ಎಣಿಸಿ ಹಾಗೆ ಬರೆಯುತ್ತಾರೆ. ಹೇಗೆ ಬರೆದರೂ ಸರಾಸರಿ +2 ಬರುತ್ತದೆ. ಟೆಟ್ರಾಥಯೋನೇಟಿಗೆ ಪುಸ್ತಕ ಬಳಸಿದ ಕ್ರಮಕ್ಕೆ ಹೊಂದುವುದು ಮಾತ್ರ -1, +5.

ಅಯೋಡಿನ್ ಟೈಟ್ರೇಷನ್ನಿನಲ್ಲಿ ಇದನ್ನು ತಾಳೆ ನೋಡಬಹುದು:

2Na2S2O3 + I2 → Na2S4O6 + 2NaI

ಸರಾಸರಿ +2 ರಿಂದ +2.5 ಕ್ಕೆ ಏರುತ್ತದೆ. ನಾಲ್ಕು ಗಂಧಕಕ್ಕೆ ಅರ್ಧದಂತೆ ಎರಡು ಎಲೆಕ್ಟ್ರಾನ್ ಹೋಯಿತು. ರಚನೆ ಹಿಡಿದು ನೋಡಿದರೆ ಹೊರಗಿನ ಎರಡು ಗಂಧಕಗಳು -1 ರಿಂದ 0 ಗೆ ಬಂದು ಒಂದಕ್ಕೊಂದು ಕೈಹಿಡಿದವು, +5 ಇದ್ದವು ಅಲುಗಲೇ ಇಲ್ಲ. ಈಗಲೂ ಎರಡೇ ಎಲೆಕ್ಟ್ರಾನ್. ಸಮೀಕರಣ ಸರಿದೂಗಿಸಲು ಸರಾಸರಿ ಸಾಕು. ಎಲೆಕ್ಟ್ರಾನ್ ಕೊಟ್ಟವರು ಯಾರು ಎಂದು ತಿಳಿಯಲು ಸಾಲದು.

ಡಿಸ್‌ಪ್ರಪೋರ್ಷನೇಷನ್ ಗುರುತಿಸುವುದು

ಒಂದೇ ಸಂಖ್ಯೆಯಲ್ಲಿದ್ದ ಒಂದೇ ಧಾತುವಿನ ಸ್ವಲ್ಪ ಭಾಗ ಮೇಲೇರಿ ಸ್ವಲ್ಪ ಭಾಗ ಕೆಳಗಿಳಿದರೆ ಅದು ಡಿಸ್‌ಪ್ರಪೋರ್ಷನೇಷನ್. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದಾಗ ಏಳುವ ನೊರೆ ಇದೇ. -1 ರಲ್ಲಿದ್ದ ಆಮ್ಲಜನಕದ ಅರ್ಧ ನೀರಿಗಿಳಿದು -2 ಆಗುತ್ತದೆ, ಅರ್ಧ ಅನಿಲವಾಗಿ 0 ಆಗುತ್ತದೆ. ಸೂಪರಾಕ್ಸೈಡ್ ನೀರಿಗೆ ಬಿದ್ದಾಗಲೂ ಹೀಗೆಯೇ:

2KO2 + 2H2O → 2KOH + H2O2 + O2

ಇಲ್ಲಿ -½ ಇಳಿದು ಪೆರಾಕ್ಸೈಡಿನಲ್ಲಿ -1, ಏರಿ ಆಮ್ಲಜನಕ ಅನಿಲದಲ್ಲಿ 0. ಮಕ್ಕಳು KOH ನ -2 ಅನ್ನೂ ಈ ಲೆಕ್ಕಕ್ಕೆ ಸೇರಿಸಿ ಎಡವುತ್ತಾರೆ. ಅದು ನೀರಿನಲ್ಲೇ -2 ಆಗಿತ್ತು, ಬದಲಾಗಿಲ್ಲ.

ಇನ್ನೊಂದು ಬಲೆ ಪೊಟ್ಯಾಸಿಯಂ ಕ್ಲೋರೇಟ್. 2KClO3 → 2KCl + 3O2 ನಲ್ಲಿ ಇಳಿದದ್ದು ಕ್ಲೋರಿನ್, ಏರಿದ್ದು ಆಮ್ಲಜನಕ. ಧಾತುಗಳು ಬೇರೆಯಾದ್ದರಿಂದ ಇದು ಡಿಸ್‌ಪ್ರಪೋರ್ಷನೇಷನ್ ಅಲ್ಲ. 4KClO3 → 3KClO4 + KCl ನಲ್ಲಿ ಕ್ಲೋರಿನ್ನೇ +5 ರಿಂದ +7 ಕ್ಕೂ -1 ಕ್ಕೂ ಹೋಗುತ್ತದೆ, ಇದು ಹೌದು. ಆದರೆ KClO4 ನ ಕ್ಲೋರಿನ್ ಆಗಲೇ +7 ರಲ್ಲಿದೆ. ಅದಕ್ಕೆ ಏರಲು ಮೆಟ್ಟಿಲಿಲ್ಲ, ಆದ್ದರಿಂದ ಅದು ಡಿಸ್‌ಪ್ರಪೋರ್ಷನೇಷನ್‌ಗೆ ಒಳಗಾಗಲಾರದು.

ಕೊನೆಗೆ ಮತ್ತೆ ಥಯೋಸಲ್ಫೇಟ್

ಶಾಲೆಯಲ್ಲಿ ಕಾಗದದ ಮೇಲೆ ಗುಣಾಕಾರದ ಗುರುತು ಹಾಕಿ, ಅದರ ಮೇಲೆ ಫ್ಲಾಸ್ಕ್ ಇಟ್ಟು, ಥಯೋಸಲ್ಫೇಟಿಗೆ ಆಮ್ಲ ಬೆರೆಸುತ್ತಾರೆ. ಗಂಧಕ ಹೊರಬಿದ್ದು ದ್ರಾವಣ ಹಾಲಿನಂತಾಗಿ ಗುರುತು ಮರೆಯಾಗುತ್ತದೆ, SO2 ಘಾಟು ಮೂಗಿಗೆ ಬಡಿಯುತ್ತದೆ.

S2O3²⁻ + 2H⁺ → S + SO2 + H2O

ಸರಾಸರಿ ಹಿಡಿದರೆ +2 ರಿಂದ 0 ಮತ್ತು +4. ಪುಸ್ತಕಗಳು ಇದನ್ನು ಡಿಸ್‌ಪ್ರಪೋರ್ಷನೇಷನ್ ಎನ್ನುತ್ತವೆ, ಪರೀಕ್ಷೆಯಲ್ಲೂ ಹಾಗೆಯೇ ಬರೆಯಬಹುದು. ರಚನೆ ಹಿಡಿದರೆ ಚಿತ್ರ ತಿರುಗುಮುರುಗಾಗುತ್ತದೆ. -1 ಏರಿ 0, +5 ಇಳಿದು +4, ಅಂದರೆ ದೂರವಿದ್ದವು ಹತ್ತಿರ ಬಂದವು! ಸಲ್ಫೈಟಿಗೆ ವಿಕಿರಣಶೀಲ ಗಂಧಕ ಸೇರಿಸಿ ಥಯೋಸಲ್ಫೇಟ್ ತಯಾರಿಸಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ಆಮ್ಲ ಹಾಕಿದಾಗ ಆ ಗುರುತಿನ ಗಂಧಕ ಘನ ಗಂಧಕವಾಗಿಯೇ ಹಿಂತಿರುಗಿತು, SO2 ನೊಳಗೆ ಸೇರಲಿಲ್ಲ. ಎರಡು ಗಂಧಕಗಳು ಒಂದೇ ಆಗಿದ್ದರೆ ಅದು ಎರಡು ಕಡೆಯೂ ಹಂಚಿಹೋಗಬೇಕಿತ್ತು.

ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ನಾನು ಹೇಳಿದ "ಪ್ರತಿಯೊಂದಕ್ಕೂ +2" ಎಂಬುದನ್ನು ಹೊಡೆದುಹಾಕಿ "ಸರಾಸರಿ +2, ಹೊರಗೆ -1, ನಡುವೆ +5" ಎಂದು ಬರೆದುಕೊಂಡಳು. ನನ್ನ ಹಳೆಯ ನೋಟ್ಸಿನಲ್ಲೂ ಅದೇ ತಿದ್ದುಪಡಿ ಮಾಡಿಟ್ಟಿದ್ದೇನೆ.


ಹಮ್ರಿಯಾದಿಂದ ನಿಮ್ಮವ