ಮಾತ್ರೆ ಕೆಟ್ಟಿಲ್ಲ, ಆದರೂ ಕುರು ಏಕೆ ಇಳಿಯುತ್ತಿಲ್ಲ?

ತೊಡೆಯ ಮೇಲೋ ಕಂಕುಳಲ್ಲೋ ಕೀವು ತುಂಬಿದ ಕುರು ಎದ್ದಿದೆ. ಮೆಡಿಕಲ್ ಶಾಪಿನಿಂದ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಮಾತ್ರೆ ತಂದು ಐದು ದಿನ ನುಂಗಿದ್ದೀರಿ. ಕುರು ಇಳಿದಿಲ್ಲ, ಸುತ್ತಲಿನ ಕೆಂಪು ಇನ್ನಷ್ಟು ಹರಡಿದೆ. ಕೂಡ್ಲಿಗಿಯಿರಲಿ, ಕೊಟ್ಟೂರಿರಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿರಲಿ, ಇಂಥ ಹೊತ್ತಿನಲ್ಲಿ ಜನ ಕೇಳುವುದು ಒಂದೇ ಮಾತು: "ಇದಕ್ಕಿಂತ ಸ್ಟ್ರಾಂಗ್ ಮಾತ್ರೆ ಕೊಡಿ." ಆ ಕುರುವಿನಲ್ಲಿ ಇರುವುದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಆಗಿದ್ದರೆ, ಅದೇ ಗುಂಪಿನ ಮಾತ್ರೆಯನ್ನು ದುಪ್ಪಟ್ಟು ನುಂಗಿದರೂ ಪ್ರಯೋಜನವಿಲ್ಲ. ಏಕೆಂದು ನೋಡೋಣ.

ಈ ರೋಗಾಣುವಿನ ಸುತ್ತ ಗಟ್ಟಿಯಾದ ಒಂದು ಗೋಡೆಯಿದೆ. ಒಳಗಿನ ಒತ್ತಡವನ್ನು ತಡೆದು ಹಿಡಿಯುವುದು ಅದೇ. ಗೋಡೆ ಸಡಿಲವಾದರೆ ರೋಗಾಣು ಒಡೆದು ಸಾಯುತ್ತದೆ. ಗೋಡೆಯ ಇಟ್ಟಿಗೆಗಳನ್ನು ಒಂದಕ್ಕೊಂದು ಬಿಗಿಯುವ ಗೌಂಡಿಗಳ ಕೆಲಸವನ್ನು ಕೆಲವು ಪ್ರೋಟೀನ್‌ಗಳು ಮಾಡುತ್ತವೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಇಂಥ ನಾಲ್ಕು ಪ್ರೋಟೀನ್‌ಗಳಿವೆ. ಪ್ರತಿ ಇಟ್ಟಿಗೆಯಿಂದ ಚಾಚಿಕೊಂಡ ಎಳೆಯ ತುದಿಯಲ್ಲಿ ಅಲನಿನ್ ಎಂಬ ಅಮೈನೊ ಆಮ್ಲದ ಎರಡು ಕಣಗಳಿರುತ್ತವೆ. ಗೌಂಡಿ ಆ ತುದಿಯನ್ನು ಹಿಡಿದು, ಕೊನೆಯ ಕಣವನ್ನು ಕಳಚಿ, ಪಕ್ಕದ ಎಳೆಗೆ ಜೋಡಿಸುತ್ತದೆ.

ಪೆನಿಸಿಲಿನ್‌ನ ಆಕಾರ ಆ ತುದಿಯನ್ನೇ ಹೋಲುತ್ತದೆ. ಗೌಂಡಿ ಮೋಸಹೋಗಿ ಅದನ್ನು ಹಿಡಿಯುತ್ತದೆ, ಆದರೆ ಬಿಡಲಾಗುವುದಿಲ್ಲ. ಪೆನಿಸಿಲಿನ್ ಅದರ ಕೈಗೆ ಅಂಟಿಕೊಂಡು ಕೂರುತ್ತದೆ. ಹೀಗೆ ಹಿಡಿಯುವುದರಿಂದಲೇ ಈ ಪ್ರೋಟೀನ್‌ಗಳಿಗೆ "ಪೆನಿಸಿಲಿನ್ ಹಿಡಿಯುವ ಪ್ರೋಟೀನ್" ಎಂಬ ಹೆಸರು ಬಂತು. ಚಿಕ್ಕದಾಗಿ ಪಿಬಿಪಿ ಎನ್ನುತ್ತಾರೆ.

ಪೆನಿಸಿಲಿನ್ ಬಂದ ಕೆಲವೇ ವರ್ಷಗಳಲ್ಲಿ ರೋಗಾಣುಗಳ ಮೊದಲ ಉಪಾಯ ಹರಡಿತು. ಅವು ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಹೊರಬಿಟ್ಟು ಪೆನಿಸಿಲಿನ್‌ನ ಉಂಗುರವನ್ನೇ ಕತ್ತರಿಸಿಹಾಕುತ್ತಿದ್ದವು. ಔಷಧಿ ಗೌಂಡಿಯನ್ನು ಮುಟ್ಟುವ ಮೊದಲೇ ಹಾಳಾಗುತ್ತಿತ್ತು. ಇದಕ್ಕೆ ಎರಡು ಪರಿಹಾರ ಬಂದವು. ಒಂದು, ಆ ಕತ್ತರಿಗೆ ಸಿಗದಂತೆ ದಪ್ಪ ಗುಂಪೊಂದನ್ನು ಅಂಟಿಸಿದ ಮೆಥಿಸಿಲಿನ್. ಇನ್ನೊಂದು, ಆ ಕತ್ತರಿಯನ್ನೇ ಕಟ್ಟಿಹಾಕುವ ಕ್ಲಾವುಲನೇಟ್. ನಿಮ್ಮ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ ಜೊತೆ ಅದು ಇರುವುದು ಈ ಒಂದೇ ಕೆಲಸಕ್ಕೆ.

ಆದರೆ 1961ರಲ್ಲಿ ಇಂಗ್ಲೆಂಡಿನಲ್ಲಿ ಪೆಟ್ರೀಶಿಯಾ ಜೆವನ್ಸ್ ಅವರು ಮೆಥಿಸಿಲಿನ್‌ಗೂ ಬಗ್ಗದ ಸ್ಟ್ಯಾಫಿಲೊಕಾಕಸ್‌ಗಳನ್ನು ವರದಿ ಮಾಡಿದರು. ಇಲ್ಲಿ ಔಷಧಿಯನ್ನು ಯಾವ ಕಿಣ್ವವೂ ಕತ್ತರಿಸಿರಲಿಲ್ಲ. ಔಷಧಿ ಇದ್ದ ಹಾಗೆಯೇ ಇತ್ತು, ರೋಗಾಣುವೂ ಬೆಳೆಯುತ್ತಿತ್ತು. ಗುಟ್ಟು ಬಯಲಾದದ್ದು 1980ರ ದಶಕದಲ್ಲಿ. ಈ ರೋಗಾಣುಗಳಲ್ಲಿ ಮಾಮೂಲಿ ನಾಲ್ಕು ಗೌಂಡಿಗಳ ಜೊತೆ ಐದನೆಯದೊಂದು ಇತ್ತು. ಅದರ ಹೆಸರು ಪಿಬಿಪಿ 2ಎ.

ಮಾಮೂಲಿ ಗೌಂಡಿಯ ಕೈ ತೆರೆದಿರುತ್ತದೆ, ಔಷಧಿ ಬೇಗ ಅಂಟುತ್ತದೆ. ಪಿಬಿಪಿ 2ಎಯ ಕೈ ಮುದುಡಿಕೊಂಡಿದೆ. ಔಷಧಿ ಅಂಟಬೇಕಾದ ಜಾಗ ಒಳಗೆ ಅಡಗಿರುವುದರಿಂದ ಅಂಟುವುದು ಬಹಳ ನಿಧಾನ. ಅಷ್ಟರಲ್ಲಿ ರೋಗಾಣು ಬೆಳೆದು ಇಬ್ಭಾಗವಾಗಿರುತ್ತದೆ. ಹಾಗಾದರೆ ನಿಜವಾದ ಇಟ್ಟಿಗೆಯನ್ನು ಅದು ಹೇಗೆ ಹಿಡಿಯುತ್ತದೆ? ಆ ಪ್ರೋಟೀನಿನ ಮೇಲೆ ಕೈಯಿಂದ ದೂರದಲ್ಲಿ ಇನ್ನೊಂದು ಜಾಗವಿದೆ. ಬೆಳೆಯುತ್ತಿರುವ ಗೋಡೆಯ ತುಣುಕು ಅಲ್ಲಿ ಬಂದು ಕೂತಾಗ ಕೈ ಬಿಚ್ಚಿಕೊಳ್ಳುತ್ತದೆ. ಹೀಗೆ ಔಷಧಿ ಹಳೆಯ ನಾಲ್ಕೂ ಗೌಂಡಿಗಳ ಕೈ ಕಟ್ಟಿದ್ದರೂ ಐದನೆಯದು ಬೆಸುಗೆಯನ್ನು ಮುಂದುವರಿಸುತ್ತದೆ.

ಇದು ಅರ್ಥವಾದರೆ ಮಾತ್ರೆಯ ಲೆಕ್ಕವೂ ಅರ್ಥವಾಗುತ್ತದೆ. ಕ್ಲಾವುಲನೇಟ್ ಕತ್ತರಿಯನ್ನು ಕಟ್ಟುತ್ತದೆ ನಿಜ, ಆದರೆ ಇಲ್ಲಿ ಸಮಸ್ಯೆ ಕತ್ತರಿಯದಲ್ಲ. ಸೆಫಲೆಕ್ಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಇವೆಲ್ಲವೂ ಅದೇ ಕೈಯನ್ನು ಹಿಡಿಯಹೋಗುವ ಔಷಧಿಗಳೇ. ಕಂಪನಿ ಬದಲಾಯಿಸಿದರೂ, ಮಾತ್ರೆಯಿಂದ ಇಂಜೆಕ್ಷನ್‌ಗೆ ಹೋದರೂ, ಸೋಲು ಒಂದೇ ಕಡೆ. ಇದೇ ವಂಶದ ಸೆಫ್ಟರೋಲಿನ್‌ನಂಥ ಒಂದೆರಡು ಹೊಸ ಔಷಧಿಗಳು ಮಾತ್ರ ಇದನ್ನು ದಾಟುತ್ತವೆ. ಸೆಫ್ಟರೋಲಿನ್ ಆ ದೂರದ ಜಾಗದಲ್ಲಿ ತಾನೇ ಹೋಗಿ ಕೂತು ಕೈಯನ್ನು ಬಿಚ್ಚಿಸುತ್ತದೆ. ಅದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಔಷಧಿ.

ಐದನೆಯ ಗೌಂಡಿ ಬಂದದ್ದು ಮೆಕ್ ಎ ಎಂಬ ವಂಶವಾಹಿಯಿಂದ. ಅದು ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ಸಾಗಬಲ್ಲ, ವಂಶವಾಹಿಗಳ ಒಂದು ಗಂಟಿನಲ್ಲಿ ಇರುತ್ತದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಮಾಂಸಖಂಡದಲ್ಲಿ ಕೀವು ಕಟ್ಟಿದ್ದ ರೋಗಿಯೊಬ್ಬರಿಂದ ಸಿಕ್ಕ ಎಸ್‌ಟಿ772 ಎಂಬ ತಳಿಯ ವಂಶವಾಹಿ ಓದಿನ ಕರಡನ್ನು ಪ್ರಕಟಿಸಿದರು. ಅದರಲ್ಲಿ ಈ ಗಂಟಿನ ಐದನೇ ಮಾದರಿ ಇತ್ತು. ಇದು ಆಸ್ಪತ್ರೆಯ ಒಳಗಷ್ಟೇ ಅಲ್ಲ, ಹೊರಗೆ ಮನೆಮಂದಿಯ ನಡುವೆಯೂ ಹರಡುವ ತಳಿ.

ಹಾಗಾದರೆ ನಿಮ್ಮ ಕುರುವಿನಲ್ಲಿ ಇರುವುದು ಇದೇ ಎಂದು ಹೇಗೆ ತಿಳಿಯಬೇಕು? ನೋಡಿ ಹೇಳಲು ಬರುವುದಿಲ್ಲ. ಕೀವಿನ ಕಲ್ಚರ್ ಪರೀಕ್ಷೆ ಬೇಕು. ಲ್ಯಾಬಿನಲ್ಲಿ ರೋಗಾಣುವನ್ನು ತಟ್ಟೆಯ ಮೇಲೆ ಹರಡಿ, 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ ಇರುವ ಚಿಕ್ಕ ಬಿಲ್ಲೆಯನ್ನು ಇಡುತ್ತಾರೆ. ಮೆಥಿಸಿಲಿನ್ ಬದಲು ಇದನ್ನೇ ಇಡಲು ಕಾರಣವಿದೆ: ಸೆಫಾಕ್ಸಿಟಿನ್ ತಾಗಿದರೆ ರೋಗಾಣು ಪಿಬಿಪಿ 2ಎಯನ್ನು ಚೆನ್ನಾಗಿ ಹೊರತೆಗೆಯುತ್ತದೆ, ಅಡಗಿದ್ದೂ ಬಯಲಾಗುತ್ತದೆ. ಮರುದಿನ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ವೃತ್ತವನ್ನು ಅಳೆಯುತ್ತಾರೆ. 22 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಮಾಮೂಲಿ ರೋಗಾಣು. 21 ಅಥವಾ ಕಡಿಮೆ ಇದ್ದರೆ ಎಂಆರ್‌ಎಸ್‌ಎ. ತಟ್ಟೆ ಇಟ್ಟ ಪೆಟ್ಟಿಗೆಯ ಶಾಖ 35 ಡಿಗ್ರಿ ಮೀರಿದರೆ ಎಂಆರ್‌ಎಸ್‌ಎ ಕಣ್ತಪ್ಪಬಹುದು.

ಒಂದು ವರದಿಯನ್ನು ಊಹಿಸಿಕೊಳ್ಳಿ. ಸೆಫಾಕ್ಸಿಟಿನ್ ವೃತ್ತ 14 ಮಿಲಿಮೀಟರ್, ಎದುರಿಗೆ "ಆರ್". ಕೆಳಗಿನ ಸಾಲಿನಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎದುರು "ಎಸ್". ಆ "ಎಸ್" ನೋಡಿ ಅದೇ ಮಾತ್ರೆ ಮುಂದುವರಿಸಬೇಡಿ. ಸೆಫಾಕ್ಸಿಟಿನ್ ಸೋತಿದ್ದರೆ ಆ ಗುಂಪಿನ ಬೇರೆ ಮಾಮೂಲಿ ಔಷಧಿಗಳೂ ಸೋತವೆಂದೇ ಲೆಕ್ಕ. ವೈದ್ಯರು ಆಗ ಗೌಂಡಿಯನ್ನು ಬಿಟ್ಟು ಬೇರೆಡೆ ಹೊಡೆಯುವ ಔಷಧಿಯನ್ನು ಹುಡುಕುತ್ತಾರೆ. ಲಿನೆಜೊಲಿಡ್, ಕ್ಲಿಂಡಾಮೈಸಿನ್ ರೋಗಾಣು ಪ್ರೋಟೀನ್ ತಯಾರಿಸುವ ಜಾಗಕ್ಕೆ ಹೊಡೆಯುತ್ತವೆ. ವ್ಯಾಂಕೊಮೈಸಿನ್ ಇಟ್ಟಿಗೆಯ ತುದಿಯನ್ನೇ ಮುಚ್ಚಿಬಿಡುತ್ತದೆ, ಗೌಂಡಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಯಾವುದು ಸೂಕ್ತವೆಂದು ವರದಿ ಮತ್ತು ವೈದ್ಯರು ಹೇಳಬೇಕು, ಅಂಗಡಿಯ ಕೌಂಟರ್ ಅಲ್ಲ.

ಕೀವು ಕಟ್ಟಿದ ಕುರುವಿಗೆ ಮೊದಲ ಚಿಕಿತ್ಸೆ ಅದನ್ನು ಶುಚಿಯಾಗಿ ಕೊಯ್ದು ಕೀವು ಹೊರತೆಗೆಯುವುದು. ಕೀವಿನ ಗಂಟಿನೊಳಗೆ ಯಾವ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ನಮ್ಮ ಯುನಾನಿ ಮರಹಮ್ಮು ಸಹ ಇದಕ್ಕೆ ಬದಲಿಯಲ್ಲ. ಕೊಯ್ಯುವಾಗಲೇ ಕೀವನ್ನು ಪರೀಕ್ಷೆಗೆ ಕಳಿಸಿ ಎಂದು ಕೇಳಿ. ತಾಲೂಕಿನಲ್ಲಿ ಅನುಕೂಲವಿಲ್ಲದಿದ್ದರೆ ಹೊಸಪೇಟೆ, ಬಳ್ಳಾರಿ ಅಥವಾ ದಾವಣಗೆರೆಯ ಲ್ಯಾಬಿಗೆ ಕಳಿಸುವಂತೆ ಹೇಳಿ. ಗಾಯ ಒಣಗುವವರೆಗೆ ಮುಚ್ಚಿಡಿ, ಟವೆಲ್ಲು ಮತ್ತು ರೇಜರನ್ನು ಬೇರೆಯವರಿಗೆ ಕೊಡಬೇಡಿ. ಜ್ವರ ಬಂದರೆ, ಕೆಂಪು ವೇಗವಾಗಿ ಹರಡಿದರೆ, ಅಥವಾ ಸಕ್ಕರೆ ಕಾಯಿಲೆ ಇದ್ದರೆ ವರದಿಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.